ಹರಿಯಬ್ಬೆಯ ಅಡಿಸಾಲು

ಚಿತ್ರದುರ್ಗದ ಕೋಟೆಯಲ್ಲಿ ಒಟ್ಟು ಎಷ್ಟು ಕಲ್ಲುಗಳಿವೆ ಎಂಬುದನ್ನು ನಾನು ಒಂದು ಆಕಳಿಕೆ ಶುರುವಾಗಿ ಮುಗಿಯುವಷ್ಟರಲ್ಲಿ ಎಣಿಸಿದವನು. ಏಳು ಸುತ್ತು, ಬುರುಜು, ಬತೇರಿ, ಮೆಟ್ಟಿಲು, ಎಲ್ಲಾ ಸೇರಿಸಿ. ಒಂದು ಕಲ್ಲು ಹೆಚ್ಚಿಗೆ ಬಂತು. ಯಾವನೋ ಮನೆಯಿಂದ ತಂದು ಸೇರಿಸಿದ್ದ. ಅದನ್ನು ಎತ್ತಿ ಹೊರಗೆಸೆದು, ಲೆಕ್ಕ ನೇರ ಮಾಡಿಯೇ ಬೆಟ್ಟ ಇಳಿದೆ.

ಈ ಮಾತನ್ನು ನಾನು ಮೊನ್ನೆ ರಾಮಗಿರಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಹೇಳಿದಾಗ, ಪಕ್ಕದಲ್ಲಿದ್ದ ಎರ್ರಿಸ್ವಾಮಣ್ಣ ಬೀಡಿಯ ಹೊಗೆಯನ್ನು ಮೂಗಿನಿಂದ ಬಿಡುತ್ತಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ಪರಿಚಯವಾಗಿ ಹೆಚ್ಚೆಂದರೆ ಅರ್ಧ ಬೀಡಿಯಷ್ಟು ಹೊತ್ತಾಗಿತ್ತು. ಹೊಳಲ್ಕೆರೆಯಲ್ಲಿ ಶಾಮಿಯಾನ ಹಾಕುವ ಕಸುಬು. ಸರ್ವೆ ಕಂಬ, ತಗಡು, ಕುರ್ಚಿ, ದೊಡ್ಡ ಹಂಡೆ, ಎಲ್ಲಾ ಬಾಡಿಗೆಗೆ ಕೊಡುತ್ತಾರಂತೆ. ಗಾಡಿ ತಡವಾಗಿತ್ತು. ನನ್ನ ಹೆಂಡತಿ ಬಾಟಲಿಗೆ ನೀರು ತುಂಬಲು ಹೋಗಿದ್ದಳು. ಆ ಸ್ಟೇಷನ್ನಿನ ನಲ್ಲಿ ಎಷ್ಟು ನಿಧಾನವೆಂದರೆ, ಹನಿಗೂ ಹನಿಗೂ ನಡುವೆ ಒಂದು ನಿದ್ದೆ ತೆಗೆಯಬಹುದು. ಹಾಗಾಗಿ ಬಾಯಿಗೆ ಬಿಡುವಿತ್ತು.

"ಕೋಟೆ ಇರ್ಲಿ ತಮ್ಮಾ," ಎಂದರು ಎರ್ರಿಸ್ವಾಮಣ್ಣ. "ಅಕಾ ಅಲ್ಲಿ ಪೈಪು ಪೇರ್ಸವ್ರಲ್ಲ, ಅವೆಷ್ಟು ಹೇಳು ನೋಡಾಣ."

ಪ್ಲಾಟ್‌ಫಾರಮ್ಮಿನ ಆಚೆ ಯಾವುದೋ ಕೆಲಸಕ್ಕೆ ತಂದ ಕಬ್ಬಿಣದ ಪೈಪುಗಳನ್ನು ಮುಮ್ಮೂಲೆಯಾಗಿ ಪೇರಿಸಿಟ್ಟಿದ್ದರು. ಕೆಳಗೆ ಅಗಲ, ಮೇಲೆ ಹೋಗುತ್ತಾ ಸಾಲಿಗೊಂದು ಕಮ್ಮಿ, ತುದಿಯಲ್ಲಿ ಒಂದೇ ಒಂದು.

"ಎಪ್ಪತ್ತೆಂಟು," ಎಂದೆ.

"ಬಾಯಿಗೆ ಬಂದಿದ್ದು ಹೇಳಿದ್ಯಾ?"

"ಎಣಿಸ್ಕಂಡು ಬರ್ರಿ."

ಎರ್ರಿಸ್ವಾಮಣ್ಣ ಸುಮ್ಮನಿರುವ ಪೈಕಿಯಲ್ಲ. ಪಂಚೆ ಎತ್ತಿ ಕಟ್ಟಿ, ಹಳಿ ದಾಟಿ, ಒಂದೊಂದು ಪೈಪಿನ ಬಾಯಿಗೂ ಬೆರಳು ಇಟ್ಟು ಎಣಿಸಿ ಬಂದರು. ಬರುವಾಗ ಮುಖದಲ್ಲಿ ನನ್ನ ಬಗ್ಗೆ ಇದ್ದ ಅನುಮಾನ ಅರ್ಧದಷ್ಟು ಇಳಿದಿತ್ತು.

"ಎಪ್ಪತ್ತೆಂಟೇ ಐತೆ ಕಣೋ! ಯಾವ ಮಂತ್ರ ಇದು?"

ಮಂತ್ರ ಹೇಳಿಕೊಡುವುದಕ್ಕೆ ನನಗೆ ಬೀಡಿ ಬೇಕಾಯಿತು. ಸೇದುವುದಕ್ಕಲ್ಲ. ಅವರ ಕಟ್ಟನ್ನು ಬಿಚ್ಚಿ ಬೆಂಚಿನ ಮೇಲೆ ನಾಲ್ಕು ಬೀಡಿ ಒಂದು ಸಾಲು, ಅದರ ಮೇಲೆ ಮೂರು, ಎರಡು, ಒಂದು, ಹೀಗೆ ಮಲಗಿಸಿದೆ. "ಇದು ನಮ್ಮ ರಾಶಿ. ಈಗ ಇಂಥದ್ದೇ ಇನ್ನೊಂದು ರಾಶಿ ತಲೆಕೆಳಗು ಮಾಡಿ ಇದರ ಮಗ್ಗುಲಿಗೆ ಇಡ್ತೀನಿ ನೋಡ್ರಿ." ನಾಲ್ಕರ ಪಕ್ಕ ಒಂದು, ಮೂರರ ಪಕ್ಕ ಎರಡು, ಎರಡರ ಪಕ್ಕ ಮೂರು, ಒಂದರ ಪಕ್ಕ ನಾಲ್ಕು. "ಈಗ ಸಾಲಿಗೆಷ್ಟು?"

"ಐದು. ಎಲ್ಲಾ ಸಾಲ್ನಾಗೂ ಐದೈದು."

"ಸಾಲೆಷ್ಟು?"

"ನಾಲ್ಕು. ನಾಲ್ಕೈದ್ಲೆ ಇಪ್ಪತ್ತು."

"ಅದು ಎರಡು ರಾಶಿಯ ಲೆಕ್ಕ. ನಮ್ಮದು ಒಂದೇ. ಅರ್ಧ ಮಾಡ್ರಿ. ಹತ್ತು. ಅಷ್ಟೇ ಅಣ್ಣ. ಅಡಿಸಾಲಿನಲ್ಲಿ ಎಷ್ಟಿವೆ ಅಂತ ನೋಡು, ಅದಕ್ಕಿಂತ ಒಂದು ಹೆಚ್ಚಿನದರಿಂದ ಗುಣಿಸು, ಅರ್ಧ ಮಾಡು. ಅಲ್ಲಿ ಅಡೀಲಿ ಹನ್ನೆರಡು. ಹನ್ನೆರಡು ಹದಿಮೂರ್ಲೆ ನೂರೈವತ್ತಾರು. ಅರ್ಧ ಎಪ್ಪತ್ತೆಂಟು. ಆದ್ರೆ ತುದೀಲಿ ಒಂದೇ ಇರ್ಬೇಕು, ನಡುವೆ ಸಾಲಿಗೆ ಒಂದೇ ಕಮ್ಮಿಯಾಗ್ತಾ ಹೋಗಿರ್ಬೇಕು. ಇಲ್ಲಾಂದ್ರೆ ಈ ಲೆಕ್ಕ ನಡೆಯಲ್ಲ."

ಎರ್ರಿಸ್ವಾಮಣ್ಣ ಬೀಡಿಗಳನ್ನು ನೋಡುತ್ತಾ ತಲೆಯಾಡಿಸಿದರು. "ನನ್ ಸರ್ವೆ ಕಂಬ ಎಣ್ಸಿ ಎಣ್ಸಿ ನನ್ ಅರ್ಧ ಆಯಸ್ಸು ಹೋಯ್ತಲ್ಲೋ."

ಅಷ್ಟು ಹೊಗಳಿಕೆ ಸಿಕ್ಕಮೇಲೆ ನಾನು ಸುಮ್ಮನಿರುವುದುಂಟೇ? ಹರಿಯಬ್ಬೆಯ ಕಥೆ ತೆಗೆದೆ.

ಹರಿಯಬ್ಬೆ ಹಿರಿಯೂರು ತಾಲ್ಲೂಕಿನ ಊರು. ಅಲ್ಲಿನ ಎರೆಮಣ್ಣು ಎಂಥದ್ದೆಂದರೆ ಬೇಸಿಗೆಯಲ್ಲಿ ಬಿರುಕಿನೊಳಗೆ ಬಿದ್ದ ಕುರಿಮರಿ ಮಳೆಗಾಲದಲ್ಲಿ ಟಗರಾಗಿ ಮೇಲೆ ಬರುತ್ತದೆ. ಅಲ್ಲಿ ಕುಡಿಯುವ ನೀರಿನ ಲೈನ್ ಎಳೆಯುವ ಕೆಲಸ. ನಾಲ್ಕಿಂಚಿನ ಕಬ್ಬಿಣದ ಪೈಪು, ಮೂರು ಲಾರಿ ಬಂದವು. ಲಾರಿಗೆ ಎಪ್ಪತ್ತು. ಊರಿಗೆ ಊರೇ ನಿಂತು ಇಳಿಸಿದ್ದರಿಂದ ಹಸುಗೂಸಿಗೂ ಗೊತ್ತು, ಒಟ್ಟು ಇನ್ನೂರ ಹತ್ತು.

ಇಳಿಸಿದ್ದು ತಿಪ್ಪಯ್ಯನ ಕುರಿರೊಪ್ಪದ ಪಕ್ಕದ ಬೇವಿನ ಮರದ ಕೆಳಗೆ. ತಿಪ್ಪಯ್ಯ ಕುರಿ ಕಾಯುವ ಮನುಷ್ಯ, ಪೈಪನ್ನೂ ಕಾಯುತ್ತೇನೆಂದು ಒಪ್ಪಿಕೊಂಡಿದ್ದ. ಪೈಪು ಪೇರಿಸಿದ್ದೂ ಅವನ ಮುಂದಾಳುತನದಲ್ಲೇ. ಅಡಿಯಲ್ಲಿ ಇಪ್ಪತ್ತು ಹಾಸಿ, ಅತ್ತಿತ್ತ ಉರುಳದಂತೆ ಎರಡೂ ಬದಿಗೆ ಕಲ್ಲು ಕೊಟ್ಟು, ಮೇಲೆ ಹತ್ತೊಂಬತ್ತು, ಹದಿನೆಂಟು ಎಂದು ಏರಿಸುತ್ತಾ ಹೋದರೆ ಕೊನೆಯ ಪೈಪು ಸರಿಯಾಗಿ ತುದಿಗೆ ಬಂದು ಕೂತಿತು. ರಾಶಿ ಎಷ್ಟು ಎತ್ತರವೆಂದರೆ ಮೋಡಗಳು ದಾರಿ ಬಿಟ್ಟು ಹೋಗುತ್ತಿದ್ದವು.

"ನಾಲ್ಕಿಂಚಿನ ಪೈಪು ಇಪ್ಪತ್ತು ಸಾಲು ಅಂದ್ರೆ ಒಂದಾಳು ಎತ್ತರ ಆಗ್ಬೋದು," ಎಂದರು ಎರ್ರಿಸ್ವಾಮಣ್ಣ.

"ಆಳು ನಾನಾಗಿದ್ರೆ ಅಣ್ಣ, ಮೋಡಕ್ಕೆ ತಾಗುತ್ತೆ. ಕೇಳ್ರಿ."

ತಿಪ್ಪಯ್ಯನಿಗೆ ಯಮುನಾ ಎಂಬ ಮಗಳು. ಅವಳಿಗೆ ನಿಶ್ಚಯವಾಗಿತ್ತು. ಗಂಡು ಇನ್ಯಾರೂ ಅಲ್ಲ, ಅದೇ ಲೈನ್ ಕೆಲಸದ ಮೇಸ್ತ್ರಿ, ಮತ್ತೋಡಿನ ರವೀಂದ್ರ. ಇವನೇ ಈ ಕಥೆಯ ಖಳ. ಆಳು ಆರಡಿ. ಎದೆ ಎಂದರೆ ಎರಡು ಬಾಗಿಲ ಅಗಲ. ಮೀಸೆಯ ತುದಿಗೆ ನಿಂಬೆಹಣ್ಣು ಸಿಕ್ಕಿಸಿದರೆ ಬೀಳುವುದಿಲ್ಲ. ನಕ್ಕರೆ ಹಿರಿಯೂರಿನವರೆಗೆ ಬೆಳಕು. ಬುದ್ಧಿಯಂತೂ...

"ಖಳನ್ನ ಹಿಂಗೆ ಹೊಗಳ್ತಾ ಕುಂತ್ಯಲ್ಲೋ ತಮ್ಮಾ?"

"ನ್ಯಾಯಸ್ಥ ನಾನು. ಇದ್ದಿದ್ದು ಇದ್ದಂಗೆ ಹೇಳ್ಬೇಕಲ್ಲಣ್ಣ."

ಈ ರವೀಂದ್ರ ಒಂದು ತಪ್ಪು ಮಾಡಿದ್ದ. ಪೈಪು ಇಳಿಸುವ ದಿನ ತಿಪ್ಪಯ್ಯ, "ಅಳಿಯಂದ್ರೇ, ಅಡಿಗೆ ಎರಡು ಅಡ್ಡಮರ ಹಾಕಾಣ, ಎರೆ ನೆಲ ಇದು," ಎಂದಿದ್ದ. ರವೀಂದ್ರ ಮೀಸೆ ತಿರುವಿ, "ಮಾವ, ನಮ್ ಮತ್ತೋಡ್ನಾಗೆ ಲೋಡುಗಟ್ಲೆ ಬರೀ ನೆಲದ ಮೇಲೇ ಪೇರ್ಸಿವಿ, ಯಾವನು ಅಡ್ಡಮರ ಹುಡುಕ್ತಾನೆ?" ಎಂದುಬಿಟ್ಟ. ಮತ್ತೋಡಿನಲ್ಲಿ ಅವನು ಕೆಲಸ ಮಾಡಿದ್ದು ಕಲ್ಲು ಬೆರೆತ ಗರಸು ನೆಲದಲ್ಲಿ. ಮೇಲೆ ಆನೆ ನಿಲ್ಲಿಸಿದರೂ ಗೆರೆ ಬೀಳುವುದಿಲ್ಲ. ಅಳಿಯನಾಗುವವನ ಮಾತು, ತಿಪ್ಪಯ್ಯ ಎದುರಾಡಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಅದನ್ನು ಮಳೆ ಎನ್ನುವುದಕ್ಕಿಂತ ಆಕಾಶದ ತಳ ಕಳಚಿತು ಎನ್ನಬೇಕು. ಕಪ್ಪೆಗಳೇ ಕೊಡೆ ಕೇಳಿಕೊಂಡು ಮನೆಮನೆಗೆ ಬಂದವು. ಕೆಲಸ ನಿಂತಿತು. ರವೀಂದ್ರ ಊರಿಗೆ ಹೋದ. ಮಳೆ ಬಿಟ್ಟು, ಕೆಲಸ ಮತ್ತೆ ಶುರು ಮಾಡಲು ಬಂದವನು ಬೈಕಿನ ಮೇಲೆ ಕೂತಂತೆಯೇ ರಾಶಿಯ ಅಡಿಸಾಲು ಎಣಿಸಿದ.

ಹತ್ತೊಂಬತ್ತು.

ಹತ್ತೊಂಬತ್ತು ಇಪ್ಪತ್ತಲೆ ಮುನ್ನೂರ ಎಂಬತ್ತು, ಅರ್ಧ ನೂರ ತೊಂಬತ್ತು. ಇನ್ನೂರ ಹತ್ತಕ್ಕೆ ಇಪ್ಪತ್ತು ಕಮ್ಮಿ!

"ಮಾವ!" ಎಂದು ಕೂಗಿದ. ಆ ಕೂಗಿಗೆ ರೊಪ್ಪದ ಕುರಿಗಳೆಲ್ಲ ಒಂದೇ ಸಲ ಕೂತುಬಿಟ್ಟವು. "ಇಪ್ಪತ್ತು ಪೈಪು ಎಲ್ಲಿ?"

ತಿಪ್ಪಯ್ಯ ರೊಪ್ಪದಿಂದ ಹೊರಗೆ ಬಂದ. "ಎಲ್ಲಿ ಅಂದ್ರೆ? ಇಟ್ಟಲ್ಲೇ ಅವೆ. ನಾನು ಒಂದು ಗಳಿಗೆ ಇಲ್ಲಿಂದ ಕದ್ಲಿಲ್ಲ."

"ಅಡೀಲಿ ಎಷ್ಟು ಹಾಕಿದ್ರಿ?"

"ಇಪ್ಪತ್ತು."

"ಈಗ ಎಣ್ಸ್ರಿ ಬರ್ರಿ."

ತಿಪ್ಪಯ್ಯ ಎಣಿಸಿದ. ಹತ್ತೊಂಬತ್ತೇ ಬಂತು. ಇನ್ನೊಂದು ಕಡೆಯಿಂದ ಎಣಿಸಿದ. ಆಗಲೂ ಹತ್ತೊಂಬತ್ತು. ರವೀಂದ್ರ ಸೀಮೆಸುಣ್ಣ ತಂದು ಒಂದೊಂದು ಪೈಪಿನ ಬಾಯಿಗೂ ಗೀಟು ಹಾಕಿ ಎಣಿಸಿದ. ನೂರ ತೊಂಬತ್ತು. ಲೆಕ್ಕದ ದಾರಿಯೂ ಕೈಯೆಣಿಕೆಯೂ ಒಂದೇ ಕಡೆ ಬಂದು ನಿಂತವು. ತಿಪ್ಪಯ್ಯನ ಮುಖ ಕಂಬಳಿಯಷ್ಟು ಕಪ್ಪಾಯಿತು.

"ನಾ ಕದ್ದೆ ಅಂತೀಯೇನಪ್ಪ?"

"ನಾ ಎಲ್ಲಿ ಹಂಗಂದೆ? ಪೈಪಿಗೇನು ಕಾಲು ಬಂದು ಹೋಗ್ತಾವಾ ಅಂತ ಕೇಳ್ತಿದೀನಿ."

ಅಷ್ಟೇ ಸಾಕಾಯಿತು. ತಿಪ್ಪಯ್ಯನ ಹೆಂಡತಿ ಮುದ್ದಕ್ಕ ಒಳಗಿನಿಂದ ಮುದ್ದೆಕೋಲು ಹಿಡಿದುಕೊಂಡೇ ಬಂದಳು. "ಲೇ, ನನ್ ಗಂಡನ್ನ ಕಳ್ಳ ಅಂದ್ಯಾ? ನಲವತ್ತು ಮನೆ ಕುರಿ ಕಾಯ್ದೋನು, ಒಂದು ಮರಿ ತಪ್ಪಿದ್ದಿಲ್ಲ. ಕಳ್ಳನ ಮಗಳು ನಿನಗ್ಯಾಕೆ? ನಿಶ್ಚಯದ ಸೀರೆ ತಗಂಡು ಹೋಗು, ನೀನೇ ಉಟ್ಕ!"

ತಿಪ್ಪಯ್ಯ ಹೆಂಡತಿಯ ಹಾಗೆ ಕೂಗಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ರಾಶಿಯ ಮೇಲಿಟ್ಟ. "ಪೈಪು ಸಿಗಾಗಂಟ ಮದ್ವೆ ಮಾತಿಲ್ಲ. ಸಿಗ್ಲಿಲ್ಲಾಂದ್ರೆ ಯಾವತ್ತೂ ಇಲ್ಲ. ನನ್ ಮಗಳು ಹೋದ ಮನೇಲಿ ತಲೆ ತಗ್ಸಿ ಬಾಳಾದು ಬ್ಯಾಡ." ಊರವರು ಆಗಲೇ ಬೇಲಿಯ ಸುತ್ತ ಸೇರಿದ್ದರು. ತಿಪ್ಪಯ್ಯನ ಮಾತು ಕೇಳಿ ಯಾರೂ ನಗಲಿಲ್ಲ.

"ಛೆ," ಎಂದರು ಎರ್ರಿಸ್ವಾಮಣ್ಣ. ಬೀಡಿ ಆರಿಹೋಗಿದ್ದು ಅವರಿಗೆ ಗೊತ್ತಾಗಲಿಲ್ಲ. "ಆ ಹುಡುಗಿ?"

"ಆ ಹುಡುಗಿ ರಾಶಿ ನೋಡ್ತಾ ನಿಂತಿದ್ಳು. ಅಷ್ಟೊತ್ತಿಗೆ ನಾನು ಬಂದೆ."

ಹೌದು, ಆಗ ನಾನು ಬಂದೆ. ಹೊಸದುರ್ಗದಲ್ಲಿ ಚಹಾ ಕುಡಿಯುತ್ತಿದ್ದವನಿಗೆ ಸುದ್ದಿ ಮುಟ್ಟಿತು. ಬೈಕು ಹತ್ತಿದೆ. ಎಷ್ಟು ಜೋರಾಗಿ ಬಂದೆನೆಂದರೆ, ಕೈಯಲ್ಲಿದ್ದ ಲೋಟದ ಚಹಾ ಹರಿಯಬ್ಬೆಯಲ್ಲಿ ಇಳಿದಾಗಲೂ ನಾಲಗೆ ಸುಡುವಷ್ಟು ಬಿಸಿ. ಜನ ದಾರಿ ಬಿಟ್ಟರು. ಬೇವಿನ ಮರ ಬಾಗಿ ನೆರಳು ಕೊಟ್ಟಿತು.

ರವೀಂದ್ರ ಆಗ ಜನರೆದುರು ಕಳ್ಳತನ ಹೇಗಾಯಿತೆಂದು ವಿವರಿಸುತ್ತಿದ್ದ. "ನೋಡ್ರಪ್ಪ, ಇಪ್ಪತ್ತರ ರಾಶಿ ಹತ್ತೊಂಬತ್ತರ ರಾಶಿ ಆಗ್ಬೇಕಂದ್ರೆ ಒಂದೊಂದೇ ಪೈಪು ಎಲ್ಲೆಲ್ಲಿಂದ್ಲೋ ಕಿತ್ತಿದ್ರೆ ಆಗಲ್ಲ, ರಾಶಿ ಹಲ್ಲು ಬಿದ್ದ ಮುದುಕಿಯಂಗೆ ಕಾಣ್ತಿತ್ತು. ಕಳ್ಳ ಜಾಣ. ಒಂದು ಇಳಿಜಾರು ಪೂರ್ತಿ ಬಳ್ಕೊಂಡು ಹೋಗವ್ನೆ. ತುದಿಯಿಂದ ಬುಡದ ತಂಕ, ಸಾಲಿಗೊಂದು. ಇಪ್ಪತ್ತು ಸಾಲಿಗೆ ಇಪ್ಪತ್ತು. ಉಳಿದಿದ್ದು ಮತ್ತೆ ಮುಮ್ಮೂಲೇನೇ!"

ಎರ್ರಿಸ್ವಾಮಣ್ಣ ನನ್ನನ್ನು ಕೈಸನ್ನೆಯಿಂದ ತಡೆದು, ಬೆಂಚಿನ ಮೇಲಿನ ಹತ್ತು ಬೀಡಿಯ ರಾಶಿಯ ಎಡ ಇಳಿಜಾರಿನಿಂದ ಸಾಲಿಗೊಂದರಂತೆ ನಾಲ್ಕನ್ನು ತೆಗೆದರು. ಉಳಿದ ಆರು ಬೀಡಿಗಳು ಮೂರು, ಎರಡು, ಒಂದು ಎಂದು ಅಚ್ಚುಕಟ್ಟಾದ ಚಿಕ್ಕ ರಾಶಿಯಾಗಿ ಕೂತಿದ್ದವು.

"ಹೌದಲ್ಲ! ನಿನ್ ಖಳ ಬುದ್ಧಿವಂತನೇ ಕಣೋ."

"ಹೇಳಿದ್ನಲ್ಲಣ್ಣ," ಎಂದೆ ಹೆಮ್ಮೆಯಿಂದ. ಆಮೇಲೆ ಖಳನ ಬಗ್ಗೆ ಹೆಮ್ಮೆ ಪಡಬಾರದೆಂದು ನೆನಪಾಗಿ ಕೆಮ್ಮಿದೆ. "ಆದ್ರೆ ನಾನು ಅವನಿಗಿಂತ ಬುದ್ಧಿವಂತ."

ನಾನು ರಾಶಿಯ ತುದಿಗೆ ಕೈ ತೋರಿಸಿದೆ. ತುದಿಪೈಪಿನ ಬಾಯಿಂದ ಒಣಹುಲ್ಲು ಇಣುಕುತ್ತಿತ್ತು. ಒಳಗೆ ಚಿಂವ್ ಚಿಂವ್. ಮಳೆಗೆ ಮುಂಚೆಯೇ ಒಂದು ಜೋಡಿ ಗುಬ್ಬಿ ಅಲ್ಲಿ ಸಂಸಾರ ಹೂಡಿತ್ತು. ಈಗ ಮೂರು ಮರಿ. ಊರಿನ ಮಕ್ಕಳಿಗೆಲ್ಲ ಗೊತ್ತಿದ್ದ ಗುಬ್ಬಿ ಅದು. ಆ ಪೈಪು ಇಟ್ಟಲ್ಲಿಂದ ಕದಲಿಲ್ಲ.

"ಮುಮ್ಮೂಲೆಗೆ ಬದಿ ಎಷ್ಟು?" ಎಂದು ಕೇಳಿದೆ.

"ಮೂರು," ಎಂದ ರವೀಂದ್ರ.

"ಎಡ ಇಳಿಜಾರು ತೆಗೆದಿದ್ರೆ ತುದಿಪೈಪು ಅದರ ಜೊತೆ ಹೋಗ್ಬೇಕಿತ್ತು. ಬಲ ಇಳಿಜಾರು ತೆಗೆದಿದ್ರೂ ತುದಿಪೈಪು ಅದರ ಜೊತೆಗೇ ಹೋಗ್ಬೇಕಿತ್ತು. ಎರಡಕ್ಕೂ ತಲೆ ಅದೊಂದೇ. ಗುಬ್ಬಿ ಅಲ್ಲೇ ಐತೆ. ಅಂದ ಮೇಲೆ ಹೋಗಿರಾದು ಮೂರನೇ ಬದಿ. ಅಡಿಸಾಲು."

ಜನ ಉಸಿರು ಬಿಗಿ ಹಿಡಿದರು. ರವೀಂದ್ರ ನಕ್ಕ. "ಮೇಲಿನ ನೂರ ತೊಂಬತ್ತು ಅಲುಗದಂಗೆ ಅಡಿಯ ಇಪ್ಪತ್ತು ಎಳ್ಕಂಡು ಹೋದ್ನಾ ಕಳ್ಳ? ಗುಬ್ಬಿ ಮರಿಗೂ ಎಚ್ಚರ ಆಗದಂಗೆ? ಅಂಥಾ ಕಳ್ಳ ಇದ್ರೆ ಕಾಲಿಗೆ ಬೀಳ್ತೀನಿ ಕಣ್ರಪ್ಪ, ಅವನ ಹತ್ರ ಶಿಷ್ಯ ಆಗ್ತೀನಿ!"

ಹೀಗೆ ನಗುತ್ತಾ ಅವನು ಹೆಜ್ಜೆ ಕಿತ್ತಿಡಲು ಹೋದ. ಕಾಲು ಬರಲಿಲ್ಲ. ಆಗಲಿಂದ ಒಂದೇ ಕಡೆ ನಿಂತು ಭಾಷಣ ಮಾಡುತ್ತಿದ್ದನಲ್ಲ, ಎರೆಮಣ್ಣು ಸದ್ದಿಲ್ಲದೆ ಅವನನ್ನು ಮೀನಖಂಡದವರೆಗೆ ಒಳಗೆ ಕರೆದುಕೊಂಡಿತ್ತು. ಒಂದು ಕಾಲು ಎಳೆದ, ಇನ್ನೊಂದು ಇನ್ನಷ್ಟು ಹೂತಿತು. ಎರಡನ್ನೂ ಎಳೆಯಲು ಹೋಗಿ ಹಿಂದಕ್ಕೆ ಕೂತ. ಮೇಲೆದ್ದಾಗ ಎಡಗಾಲಿನ ಚಪ್ಪಲಿ ಇರಲಿಲ್ಲ. ಹೊಸ ಚಪ್ಪಲಿ ಅಣ್ಣ. ಹೊಸದುರ್ಗದ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು, ಬಾರಿಗೆ ಹಳದಿ ದಾರದ ಹೊಲಿಗೆ, ಕಾಲಿಗೆ ಹಾಕಿದರೆ ರೇಷ್ಮೆ...

"ಅವನ ಚಪ್ಪಲಿಗೆ ನೀನ್ಯಾಕೆ ಅಳ್ತೀಯಾ?" ಎಂದರು ಎರ್ರಿಸ್ವಾಮಣ್ಣ.

"ಮನುಷ್ಯತ್ವ ಅಣ್ಣ, ಮನುಷ್ಯತ್ವ."

ಆಗ ನಾನು ಸಿಡಿಲಿನ ದನಿಯಲ್ಲಿ ಹೇಳಿದೆ: "ಅಲ್ರೀ ಮೇಸ್ತ್ರಿ, ಬಾಯಿ ಬಡ್ಕೊಳ್ಳೋ ಅಷ್ಟೊತ್ತಲ್ಲಿ ಬರೀ ಒಬ್ಬ ಮನುಷ್ಯನ್ನ ಮೊಣಕಾಲ ಹತ್ರಕ್ಕೆ ನುಂಗಿದ ನೆಲ, ಇನ್ನೂರ ಹತ್ತು ಕಬ್ಬಿಣದ ಪೈಪನ್ನ ಅಷ್ಟೂ ಮಳೇಲಿ ಹಂಗೇ ಹೊತ್ಕಂಡಿರುತ್ತಾ?"

ತಿಪ್ಪಯ್ಯ ಹಾರೆ ತಂದ. ಹತ್ತೊಂಬತ್ತರ ಸಾಲಿನ ಕೆಳಗೆ, ಸಮತಟ್ಟಾಗಿ ಕಾಣುತ್ತಿದ್ದ ಕೆಸರಿಗೆ, ರಾಶಿಯ ಮುಂದಿನಿಂದ ಓರೆಯಾಗಿ ಹಾರೆ ಇಳಿಸಿದ.

ಠಣ್!

ಒಂದು ಗೇಣು ಪಕ್ಕಕ್ಕೆ ಸರಿದು ಇಳಿಸಿದ. ಠಣ್! ಮುದ್ದಕ್ಕ ಮುದ್ದೆಕೋಲಿನಲ್ಲೇ ಕೆರೆದಳು. ಊರವರೆಲ್ಲ ಸಿಕ್ಕಿದ್ದು ಹಿಡಿದು ಬಗ್ಗಿದರು, ಸಲಿಕೆ, ಪಿಕಾಸಿ, ತಟ್ಟೆ, ಯಾರದ್ದೋ ಟಿಫನ್ ಬಾಕ್ಸಿನ ಮುಚ್ಚಳ. ಕೆಸರು ತುಂಬಿದ ಪೈಪಿನ ಬಾಯಿಗಳು ಒಂದೊಂದಾಗಿ ಕಣ್ಣು ಬಿಟ್ಟವು. ಉರುಳದಿರಲಿ ಎಂದು ಕೊಟ್ಟಿದ್ದ ಕಲ್ಲುಗಳೂ ಅಲ್ಲೇ ಅಕ್ಕಪಕ್ಕ ಹೂತು ಕೂತಿದ್ದವು. ಎಣಿಕೆ ಶುರುವಾಯಿತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು!

ನೆಲದ ಮೇಲೆ ನೂರ ತೊಂಬತ್ತು, ನೆಲದೊಳಗೆ ಇಪ್ಪತ್ತು. ರೊಪ್ಪದ ಟಗರು ಕುಣಿಯಿತು. ಊರವರು ನನ್ನನ್ನು ಹೆಗಲ ಮೇಲೆ ಹೊತ್ತು ಮೂರು ಸುತ್ತು ಹಾಕಿದರು. ತಿಪ್ಪಯ್ಯ ಕಣ್ಣೀರು ಒರೆಸಿಕೊಂಡು ಟವೆಲ್ಲು ಹೆಗಲಿಗೆ ಹಾಕಿಕೊಂಡ. ರವೀಂದ್ರ ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಊರು ಬಿಟ್ಟವನು ಮತ್ತೆ ಕಾಣಲಿಲ್ಲ. ಯಮುನಾ ನನ್ನ ಕೊರಳಿಗೆ ಹಾರ ಹಾಕಿ, "ಮದ್ವೆ ಆದ್ರೆ ಈ ಗಣಿತದ ಸಿಂಹನ್ನೇ ಆಗ್ತೀನಿ," ಎಂದಳು. ಅವಳೇ ಈಗ ನನ್ನ...

"ಯಾವ ರವೀಂದ್ರ?"

ದನಿ ಬೆಂಚಿನ ಹಿಂದಿನಿಂದ ಬಂತು. ನನಗೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಕಬ್ಬಿಣದ ಮೇಲೆ ಹಾರೆ ಬಿದ್ದಾಗಿನ ದನಿಯೇ ಅದು.

ಎರ್ರಿಸ್ವಾಮಣ್ಣ ಎದ್ದು ಜಾಗ ಮಾಡಿಕೊಟ್ಟರು. "ಬರ್ರಿ ತಾಯಿ, ಕುಂತ್ಕಳ್ರಿ. ತಾವೇ ಯಮುನಾ ಏನ್ರಿ?"

"ಹೌದಣ್ಣ." ತುಂಬಿದ ಬಾಟಲಿಯನ್ನು ಬೆಂಚಿನ ಮೇಲಿಟ್ಟು, ಅವಳು ಸೆರಗು ಸರಿ ಮಾಡಿಕೊಂಡು ಕೂತಳು. "ನೀರು ಆಗ್ಲೇ ತುಂಬಿತ್ತು. ನಂಗೇ ಗೊತ್ತಿಲ್ದಿರೋ ನನ್ ಕಥೆ ಕೇಳ್ತಾ ನಿಂತಿದ್ದೆ. ರೀ, ನಂಗೆ ಎಷ್ಟು ಜನರ ಜೊತೆ ನಿಶ್ಚಯ ಆಗಿತ್ತು?"

"ಅದು... ಯಮುನಾ, ಗಾಡಿ ಬಂತು ಅನ್ಸುತ್ತೆ."

"ಗಾಡಿ ಇನ್ನೂ ಚಿಕ್ಕಜಾಜೂರು ಬಿಟ್ಟಿಲ್ಲ. ಎಷ್ಟು ಜನ?"

"ಒಬ್ನ ಜೊತೆ."

"ಅವನ ಹೆಸ್ರು?"

ನಾನು ಬೀಡಿಗಳನ್ನು ಮತ್ತೆ ಸಾಲಾಗಿ ಜೋಡಿಸಲು ಶುರು ಮಾಡಿದೆ. ಎರ್ರಿಸ್ವಾಮಣ್ಣ ಮೆಲ್ಲಗೆ ನನ್ನ ಮುಖಕ್ಕೆ ಬಗ್ಗಿದರು. "ತಮ್ಮಾ, ನಿನ್ ಹೆಸ್ರೇನು ಅಂದೆ?"

"ದುರ್ಗೇಶ."

"ಊರು?"

"ಮತ್ತೋಡು."

"ಕೆಲ್ಸ?"

"ಪೈಪ್‌ಲೈನ್ ಮೇಸ್ತ್ರಿ."

ಎರ್ರಿಸ್ವಾಮಣ್ಣನ ಹೊಟ್ಟೆ ಕುಲುಕತೊಡಗಿತು. ಹೊಟ್ಟೆಯಿಂದ ಹೆಗಲಿಗೆ, ಹೆಗಲಿನಿಂದ ತಲೆಗೆ ಏರಿ, ಕೊನೆಗೆ ಬಾಯಿ ತೆರೆದು ನಕ್ಕ ನಗುವಿಗೆ ರಾಮಗಿರಿ ಬೆಟ್ಟದ ಕಡೆಯಿಂದ ಕಾಗೆಗಳು ಎದ್ದವು. ಇದು ಉತ್ಪ್ರೇಕ್ಷೆಯಲ್ಲ. ಎರಡು ಕಾಗೆ ನಿಜವಾಗಿಯೂ ಎದ್ದವು.

"ಆರಡಿ ಆಳು! ಎದೆ ಎರಡು ಬಾಗ್ಲು! ಯಪ್ಪಾ, ಮೀಸೆಗೆ ನಿಂಬೆಹಣ್ಣು!"

"ನಿಂಬೆಹಣ್ಣಲ್ಲಣ್ಣ, ಕಡ್ಲೆಕಾಳು ಸಿಕ್ಸಿದ್ರೂ ಬಿದ್ದೋಗುತ್ತೆ," ಎಂದಳು ನನ್ನ ಹೆಂಡತಿ. "ಕೇಳ್ರಿ. ಅಡ್ಡಮರ ಬ್ಯಾಡ ಅಂದೋರು ಇವ್ರು. ಬೈಕ್ ಮೇಲೆ ಕುಂತು ಹತ್ತೊಂಬತ್ತು ಎಣ್ಸಿದೋರು ಇವ್ರು. ನಮ್ಮಪ್ಪನ್ನ ಪೈಪಿಗೆ ಕಾಲು ಬಂತಾ ಅಂದೋರೂ ಇವ್ರೇ."

"ಗುಬ್ಬಿ ಮಾತು?" ಎಂದು ಕಣ್ಣೊರೆಸಿಕೊಳ್ಳುತ್ತಾ ಕೇಳಿದರು ಎರ್ರಿಸ್ವಾಮಣ್ಣ. "ಮೂರು ಬದಿ ಮಾತು?"

"ದಿನಾ ಆ ಗುಬ್ಬಿಗೆ ಅಕ್ಕಿ ನುಚ್ಚು ಹಾಕ್ತಿದ್ದೋಳು ನಾನು. ಮೊದಲೆಲ್ಲ ಹಿಮ್ಮಡಿ ಎತ್ತಿ ನಿಂತ್ರೂ ಆ ಪೈಪಿನ ಬಾಯಿಗೆ ಕೈ ಎಟುಕ್ತಿರ್ಲಿಲ್ಲ. ಮಳೆ ಬಿಟ್ಟ ಮೇಲೆ ಸುಮ್ನೆ ನಿಂತ್ರೇ ಎಟುಕ್ತು. ನಾನೇ ಬೆಳೆದ್ನಾ, ರಾಶಿ ಇಳೀತಾ ಅಂತ ಯೋಚ್ನೆ ಮಾಡ್ತಾ ನಿಂತಿದ್ದೆ. ಅಷ್ಟ್ರಲ್ಲಿ ಇವ್ರ ಕಾಲು ಹೂತ್ಕಂತು. ಗೊತ್ತಾಗೋಯ್ತು. ಮೂರು ಬದಿ ಮಾತೂ ನಾನೇ ಹೇಳಿದ್ದು."

"ಹೆಗಲ ಮೇಲೆ ಹೊತ್ತಿದ್ದು?"

"ಹೊತ್ರು. ಕೆಸರಿಂದ ಆಚೆ ತರಾಕೆ ನಾಲ್ಕು ಜನ ಹೊರ್ಬೇಕಾಯ್ತು."

ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಎರ್ರಿಸ್ವಾಮಣ್ಣ ಹೊಸ ಬೀಡಿ ಹಚ್ಚಿ, ಪುರಾಣ ಕೇಳಲು ಕೂತವರ ಹಾಗೆ ಕಾಲು ಮಡಚಿಕೊಂಡು ನನ್ನತ್ತ ತಿರುಗಿದರು. "ನೀನೇ ಹೇಳಪ್ಪ ರವೀಂದ್ರ. ಆಮೇಲೇನಾಯ್ತು?"

ಹೇಳಿದೆ. ಹಾರೆ ಠಣ್ ಎಂದಾಗ ನಾನು ಕೆಸರಿನಲ್ಲೇ ಮಾವನ ಕಾಲು ಹಿಡಿದೆ. ಕಾಲು ಹಿಡಿಯಲು ಬಗ್ಗುವ ಕಷ್ಟವಿರಲಿಲ್ಲ, ಆಗಲೇ ಅರ್ಧ ದೂರ ಇಳಿದಿದ್ದೆ. ಅವರು ಬೈಯಲಿಲ್ಲ. "ಏಳ್ರಿ ಅಳಿಯಂದ್ರೇ," ಎಂದರು. ಆ ಬಹುವಚನ ನನಗೆ ಮುದ್ದೆಕೋಲಿಗಿಂತ ಜೋರಾಗಿ ತಾಗಿತು. ಮುದ್ದಕ್ಕ ಮಾತ್ರ ಹಾಗೆ ಬಿಡುವವಳಲ್ಲ. ಮೇಲಿನ ನೂರ ತೊಂಬತ್ತನ್ನು ಆಳುಗಳು ಇಳಿಸಲಿ, ಆದರೆ ಹೂತ ಇಪ್ಪತ್ತನ್ನು ನಾನೊಬ್ಬನೇ ಅಗೆದು ತೆಗೆಯಬೇಕು, ತೊಳೆಯಬೇಕು, ಅಡ್ಡಮರ ಹಾಕಿ ಅದರ ಮೇಲಿಡಬೇಕು, ಊರೆಲ್ಲ ನೋಡುತ್ತಿರಬೇಕು, ಎಂದು ತೀರ್ಪು ಕೊಟ್ಟಳು. ಗುಬ್ಬಿಯ ಪೈಪನ್ನು ಮೊದಲು ಮೆಲ್ಲಗೆ ಇಳಿಸಿ ಬೇವಿನ ಕವಲಿಗೆ ಹಗ್ಗದಿಂದ ಕಟ್ಟಿದೆವು. ಮರಿಗಳು ಹಾರುವವರೆಗೆ ಲೈನು ಒಂದು ಪೈಪು ಕಮ್ಮಿಯಾಗಿಯೇ ನಿಂತಿತ್ತು. ನಾನು ಅಗೆಯುತ್ತಿದ್ದಾಗ ಯಮುನಾ ಬೇಲಿಗೆ ಒರಗಿ ನಿಂತು, "ಇನ್ನೊಂದು ಚೂರು ಎಡಕ್ಕೆ, ಚಪ್ಪಲಿ ಸಿಕ್ರೂ ಸಿಗ್ಬೋದು," ಎನ್ನುತ್ತಿದ್ದಳು. ಇಪ್ಪತ್ತನೆಯ ಪೈಪು ಹೊರಬಂದಾಗ ಅವಳು ನಕ್ಕಳು. ಮದುವೆ ಉಳಿಯಿತೆಂದು ಗೊತ್ತಾದದ್ದು ಆ ನಗುವಿನಿಂದ.

"ಚಪ್ಪಲಿ?"

"ಇನ್ನೂ ಅಲ್ಲೇ ಐತಣ್ಣ."

ಎರ್ರಿಸ್ವಾಮಣ್ಣನಿಗೆ ಏನೋ ಹೊಳೆಯಿತು. ಗಡಬಡಿಸಿ ಎದ್ದು, ಹಳಿ ದಾಟಿ, ಆ ಎಪ್ಪತ್ತೆಂಟರ ರಾಶಿಯ ಬುಡಕ್ಕೆ ಹೋಗಿ ಕಾಲಿನಿಂದ ಕೆದರಿದರು. ಒಂದು ಕಲ್ಲು ತೆಗೆದುಕೊಂಡು ಕುಟ್ಟಿದರು. ಯಮುನಾ ಉಸಿರು ಹಿಡಿದಳು. ನಾನಂತೂ ಕಣ್ಣು ಮುಚ್ಚಿಕೊಂಡಿದ್ದೆ.

"ಕೆಳಗೆ ಕಾಂಕ್ರೀಟು!" ಎಂದು ಅಲ್ಲಿಂದಲೇ ಕೂಗಿದರು. "ಬದುಕ್ಕಂಡೆ ಕಣೋ. ಎಪ್ಪತ್ತೆಂಟೇ!"

ವಾಪಸ್ ಬಂದು ಕೂತವರು, ಕೈ ಝಾಡಿಸಿಕೊಳ್ಳುತ್ತಾ ನನ್ನನ್ನು ಓರೆಗಣ್ಣಿನಿಂದ ನೋಡಿದರು. "ಎಲ್ಲಾ ಸರಿ ಹೋಯ್ತು. ಒಂದು ಉಳೀತು. ಆ ದುರ್ಗದ ಕೋಟೆ ಕಲ್ಲು ಎಣ್ಸಿದ್ದು?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕಾಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಕೋಟೆಗೆ ಹೋದಾಗ ಜೊತೆಗಿದ್ದವಳೇ ಅವಳು.

"ಎರಡನೇ ಬಾಗಿಲ ತನಕ ಹೋದೆ ಅಣ್ಣ," ಎಂದೆ. "ಮಂಡಿ ನೋವು ಬಂತು. ಅಲ್ಲೇ ಕೂತು ಕಡ್ಲೆಕಾಯಿ ತಿಂದು ಇಳಿದು ಬಂದೆ."